ಚಿತ್ರದ ಬೆನ್ನು ಹೇಳುವುದು, ಬಣ್ಣ ಹೇಳುವುದು

ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು 1948ರಲ್ಲಿ ಭಾರತದಲ್ಲಿ ವಿಲೀನವಾದವು. ಹೀಗೆ ಅಧಿಕಾರ ಕಳೆದುಕೊಂಡ ಮನೆತನಗಳ ಹೆಸರು ಚಿತ್ರ ಮಾರಾಟದ ಪೇಟೆಯಲ್ಲಿ ಬೆಲೆ ಉಳಿಸಿಕೊಂಡಿರುವುದರಿಂದ, ಹಳೆಯ ತೈಲಚಿತ್ರವೊಂದು ‘ಸಂಸ್ಥಾನಿಕರ ಅರಮನೆಯಿಂದ ಬಂದದ್ದು’ ಎಂಬ ಮಾತಿನೊಂದಿಗೆ ಕೈಸೇರಿದಾಗ ಆ ಮಾತನ್ನು ಸಾಕ್ಷಿಯೆಂದಲ್ಲದೆ, ಸಾಕ್ಷಿ ಬೇಡುವ ಹೇಳಿಕೆಯೆಂದೇ ನೋಡಬೇಕಾಗುತ್ತದೆ. ಚಿತ್ರವು ಕಲಾವಿದನ ಕೈಬಿಟ್ಟ ದಿನದಿಂದ ಯಾರ ಯಾರ ಒಡೆತನದಲ್ಲಿತ್ತು, ಯಾವ ಪ್ರದರ್ಶನದಲ್ಲಿ ಇಡಲ್ಪಟ್ಟಿತು, ಯಾವಾಗ ಮಾರಾಟವಾಯಿತು ಎಂಬುದನ್ನು ಪತ್ರ, ರಸೀದಿ, ಛಾಯಾಚಿತ್ರಗಳಿಂದ ಕಟ್ಟಿಕೊಡುವ ಕೆಲಸಕ್ಕೆ ಒಡೆತನದ ಚರಿತ್ರೆಯ ಶೋಧ ಎನ್ನಬಹುದು. ನಕಲಿಗಾರರು ಕುಂಚಕ್ಕಿಂತ ಹೆಚ್ಚು ಶ್ರಮ ಹಾಕುವುದು ಬಹುಪಾಲು ಈ ಚರಿತ್ರೆಯನ್ನು ಹೆಣೆಯುವುದಕ್ಕೇ.

ಇದಕ್ಕೆ ಜರ್ಮನಿಯ ಪ್ರಕರಣವೊಂದು ಸ್ಪಷ್ಟ ನಿದರ್ಶನ. 2006ರಲ್ಲಿ ಕಲೋನ್ ನಗರದ ಲೆಂಪರ್ಟ್ಸ್ ಹರಾಜು ಸಂಸ್ಥೆಯು ಹೈನ್ರಿಶ್ ಕ್ಯಾಂಪೆನ್‌ಡಾಂಕ್ 1914ರಲ್ಲಿ ರಚಿಸಿದ್ದೆನ್ನಲಾದ, ಕುದುರೆಗಳಿರುವ ಕೆಂಪು ಚಿತ್ರವೊಂದನ್ನು ಸುಮಾರು 28 ಲಕ್ಷ ಯೂರೋಗಳಿಗೆ ಮಾರಿತು. ಆ ಹೆಸರಿನ ಚಿತ್ರವೊಂದು ಹಳೆಯ ದಾಖಲೆಯಲ್ಲಿ ಇತ್ತಾದರೂ ಅದು ಹೇಗಿತ್ತೆಂದು ತೋರಿಸುವ ಛಾಯಾಚಿತ್ರ ಉಳಿದಿರಲಿಲ್ಲ. ವುಲ್ಫ್‌ಗಾಂಗ್ ಬೆಲ್ಟ್ರಾಕಿ ಎಂಬ ನಕಲಿಗಾರ ಆ ಖಾಲಿ ಜಾಗವನ್ನೇ ಆರಿಸಿಕೊಂಡಿದ್ದ. ಚಿತ್ರವು ಪತ್ನಿಯ ಅಜ್ಜನ ಸಂಗ್ರಹದ್ದೆಂಬ ಕಥೆ ಸಿದ್ಧವಾಗಿತ್ತು. ಪತ್ನಿಯೇ ಅಜ್ಜಿಯ ವೇಷ ತೊಟ್ಟು, ಹಿಂಬದಿಯಲ್ಲಿ ನಕಲಿ ಚಿತ್ರಗಳನ್ನು ತೂಗುಹಾಕಿಸಿ, ಹಳೆಯ ಕಾಗದದ ಮೇಲೆ ತುಸು ಮಸುಕಾಗಿ ಮುದ್ರಿಸಿದ ಛಾಯಾಚಿತ್ರವೂ ಸಿದ್ಧವಾಗಿತ್ತು. ಚೌಕಟ್ಟಿನ ಹಿಂದೆ ಆಲ್ಫ್ರೆಡ್ ಫ್ಲೆಕ್ಟ್‌ಹೈಮ್ ಎಂಬ ಹೆಸರಾಂತ ಚಿತ್ರ ವ್ಯಾಪಾರಿಯ ಸಂಗ್ರಹದ್ದೆಂದು ಸಾರುವ ಚೀಟಿ ಅಂಟಿಸಲಾಗಿತ್ತು. ಶೈಲಿಯನ್ನು ಬಲ್ಲ ಕಣ್ಣುಗಳು ಮೋಸಹೋದವು. ಆದರೆ ಫ್ಲೆಕ್ಟ್‌ಹೈಮ್‌ನ ವ್ಯವಹಾರವನ್ನು ಅಧ್ಯಯನ ಮಾಡಿದ್ದ ವಿದ್ವಾಂಸರಿಗೆ ಆತ ಅಂಥ ಚೀಟಿಯನ್ನು ಬಳಸಿದವನೇ ಅಲ್ಲವೆಂದು ತಿಳಿದಿತ್ತು.

ಕೊಂಡವರು ಚಿತ್ರವನ್ನು ಪರೀಕ್ಷೆಗೆ ಒಪ್ಪಿಸಿದಾಗ ಬಣ್ಣದಲ್ಲಿ ಟೈಟಾನಿಯಂ ಬಿಳಿ ಸಿಕ್ಕಿತು. ಚಿತ್ರಕಾರರು ಮೊದಲು ಬಳಸುತ್ತಿದ್ದುದು ಸೀಸದ ಬಿಳಿ ಮತ್ತು ಸತುವಿನ ಬಿಳಿ. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದು ಮೊದಲ ಮಹಾಯುದ್ಧದ ಕಾಲ ಹಾಗೂ ಅದರ ನಂತರ. ಆದ್ದರಿಂದ 1914ರ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ. ಸತುವಿನ ಬಿಳಿಯೆಂದು ಕೊಂಡ ಕೊಳವೆಯಲ್ಲಿ ಟೈಟಾನಿಯಂ ಬೆರೆತಿದ್ದದ್ದು ತನಗೆ ಗೊತ್ತಿರಲಿಲ್ಲವೆಂದು ಬೆಲ್ಟ್ರಾಕಿ ಹೇಳಿಕೊಂಡ. 2011ರಲ್ಲಿ ಕಲೋನಿನ ನ್ಯಾಯಾಲಯ ಆತನಿಗೆ ಆರು ವರ್ಷ ಸೆರೆವಾಸ ವಿಧಿಸಿತು.

ಇದೇ ತರ್ಕ ನಮ್ಮಲ್ಲಿ ಅತಿ ಹೆಚ್ಚು ನಕಲಾಗುವ ಕಲಾವಿದರಲ್ಲಿ ಒಬ್ಬನಾದ ರಾಜಾ ರವಿವರ್ಮನಿಗೂ ಸಲ್ಲುತ್ತದೆ. ಆತ ತೀರಿಕೊಂಡದ್ದು 1906ರಲ್ಲಿ; ಹಾಗಾಗಿ ಆತನದೆನ್ನಲಾದ ಚಿತ್ರದ ಮೂಲ ಪದರದಲ್ಲಿ ಟೈಟಾನಿಯಂ ಬಿಳಿ ಇದ್ದರೆ ವಾದ ಅಲ್ಲಿಗೇ ಮುಗಿಯಿತು. ‘ಮೂಲ ಪದರದಲ್ಲಿ’ ಎಂಬ ಷರತ್ತು ಮಾತ್ರ ಮುಖ್ಯ. ಚಿತ್ರವನ್ನು ಮುಟ್ಟದೆ ಕ್ಷ-ಕಿರಣ ಹಾಯಿಸಿ ಅದರಲ್ಲಿರುವ ಧಾತುಗಳನ್ನು ಗುರುತಿಸುವ ಉಪಕರಣವು ಮೇಲಿನ ಪದರ, ಕೆಳಗಿನ ಪದರ ಎನ್ನದೆ ಎಲ್ಲವನ್ನೂ ಒಟ್ಟಿಗೆ ಓದುವುದರಿಂದ, ಐವತ್ತು ವರ್ಷಗಳ ಹಿಂದೆ ರಿಪೇರಿಗಾರನೊಬ್ಬ ಹಚ್ಚಿದ ಬಿಳಿಯೂ ಅಸಲಿ ಚಿತ್ರವನ್ನು ನಕಲಿಯಂತೆ ತೋರಿಸಬಲ್ಲದು. ಅದಕ್ಕೇ ಪರಿಣತರು ಮೊದಲು ಅತಿನೇರಳೆ ಬೆಳಕಿನಲ್ಲಿ ನೋಡುತ್ತಾರೆ: ಹಳೆಯ ವಾರ್ನಿಷ್ ಹಸಿರು ಛಾಯೆಯಲ್ಲಿ ಹೊಳೆದರೆ, ಅದರ ಮೇಲೆ ಬಂದ ತಿದ್ದುಪಡಿಗಳು ಕಪ್ಪು ತೇಪೆಗಳಾಗಿ ಎದ್ದು ಕಾಣುತ್ತವೆ. ಅವನ್ನು ಬಿಟ್ಟು, ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕ ಚೂರನ್ನು ತೆಗೆದು ಅಡ್ಡಕೊಯ್ತ ಮಾಡಿ, ಸೂಕ್ಷ್ಮದರ್ಶಕದಡಿ ಪದರ ಪದರವಾಗಿ ಪರಿಶೀಲಿಸಲಾಗುತ್ತದೆ.

ಮತ್ತೊಂದು ಮೋಸ ಇನ್ನೂ ಸರಳ. ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ರವಿವರ್ಮನ ಅಚ್ಚುಕೂಟವು ಕಲ್ಲಚ್ಚಿನಲ್ಲಿ ಮುದ್ರಿಸಿದ ಲಕ್ಷ್ಮಿ, ಸರಸ್ವತಿಯರ ವರ್ಣಚಿತ್ರಗಳು, ಅಂದರೆ ಓಲಿಯೊಗ್ರಾಫ್‌ಗಳು, ಮನೆಮನೆಯ ಗೋಡೆ ಸೇರಿದವು. ಅಂಥ ಮುದ್ರಣದ ಮೇಲೆ ತೈಲವರ್ಣ ಬಳಿದು ಮೂಲ ಚಿತ್ರವೆಂದು ಮಾರಿದರೆ ಕಾಗದವೂ ಹಳೆಯದು, ರೇಖೆಯೂ ರವಿವರ್ಮನದೇ. ಇಲ್ಲಿ ಪ್ರಯೋಗಶಾಲೆಗೂ ಮೊದಲು ಬೇಕಾದದ್ದು ಭೂತಗನ್ನಡಿ: ಬಣ್ಣ ತೆಳುವಾದ ಅಂಚುಗಳಲ್ಲಿ, ಮುಖದ ನೆರಳುಗಳಲ್ಲಿ ಕಲ್ಲಚ್ಚಿನ ಬಿಡಿಚುಕ್ಕೆಗಳು ಇಣುಕುತ್ತವೆ.

ಇಷ್ಟಾದರೂ ರಸಾಯನಶಾಸ್ತ್ರ ‘ಅಲ್ಲ’ ಎನ್ನಬಲ್ಲದೇ ಹೊರತು ‘ಹೌದು’ ಎನ್ನಲಾರದು. ಬಣ್ಣಗಳೆಲ್ಲ ಕಾಲಕ್ಕೆ ಸರಿಹೊಂದಿದರೆ ಚಿತ್ರವು ಆ ಕಾಲದ್ದಿರಬಹುದು ಎಂದಷ್ಟೇ ಅರ್ಥ. ಕೈ ಯಾರದು ಎಂಬುದಕ್ಕೆ ಮತ್ತೆ ಕಾಗದಪತ್ರಗಳ ಬಳಿಗೇ ಬರಬೇಕು. ರವಿವರ್ಮನ ತಮ್ಮ ಸಿ. ರಾಜರಾಜವರ್ಮನ ದಿನಚರಿ ಪ್ರಕಟವಾಗಿದ್ದು, ಪ್ರಯಾಣ ಮತ್ತು ಚಿತ್ರಗಳ ಲೆಕ್ಕ ನೋಡುವವರಿಗೆ ಅದು ದೊಡ್ಡ ಆಧಾರ. ಸಣ್ಣ ಸಂಸ್ಥಾನಗಳ ಮಟ್ಟಿಗೆ ಆ ಪಾತ್ರವನ್ನು ವಹಿಸಬಲ್ಲವು ಖಜಾನೆಯ ಕೀರ್ದಿಗಳು, ಮೋಡಿ ಲಿಪಿಯ ಪತ್ರಗಳು. ಅರಮನೆಯಿಂದ ಚಿತ್ರ ಬಂದದ್ದು ನಿಜವಾದರೆ ಖರೀದಿಯೋ ಉಡುಗೊರೆಯೋ ಎಲ್ಲಾದರೂ ಗೆರೆಯೊಂದನ್ನು ಬಿಟ್ಟಿರುವ ಸಾಧ್ಯತೆ ಹೆಚ್ಚು. ಅಂಥ ಕಾಗದಗಳನ್ನು ರದ್ದಿಗೆ ಹಾಕುವುದು ನಕಲಿಗಾರನಿಗೆ ಖಾಲಿ ಜಾಗ ಒದಗಿಸಿದಂತೆಯೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹಳೆಯ ಮನೆಗಳಲ್ಲಿ ತೈಲಚಿತ್ರಗಳಿದ್ದವರು ಮಾಡಬೇಕಾದದ್ದು ಇಷ್ಟು: ಚಿತ್ರದ ಮುಖ ಉಜ್ಜಿ ತೊಳೆಯಬಾರದು, ಹಳೆಯ ಚೌಕಟ್ಟನ್ನೂ ಹಿಂಬದಿಯ ಚೀಟಿಯನ್ನೂ ಕಿತ್ತೆಸೆಯಬಾರದು, ಚಿತ್ರದ ಬೆನ್ನಿನ ಫೋಟೊ ತೆಗೆದು, ಅದು ಮನೆಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ ತಾರೀಖಿನೊಂದಿಗೆ ಬರೆದಿಡಬೇಕು.