‘ರಿ’ ಇಲ್ಲದ ಭಾಷೆಯಲ್ಲಿ ‘ಬ್ಯಾಡ್ರಿ’ ಎನ್ನುವುದು ಹೇಗೆ?

ಬೋಧನಾಭ್ಯಾಸಕ್ಕೆ ನನಗೆ ಮೊದಲು ಸಿಕ್ಕಿದ್ದು ಟಿಕೋಟಾದ ಒಂದು ಪ್ರೌಢಶಾಲೆ, ಆಮೇಲೆ ಬಬಲೇಶ್ವರದ ಇನ್ನೊಂದು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಟಿಕೋಟಾದಲ್ಲಿ ಇಂಗ್ಲಿಷ್ ಶಿಕ್ಷಕರು ಕೆಲವು ದಿನ ರಜೆಯಲ್ಲಿದ್ದುದರಿಂದ ಅವರ ಖಾಲಿ ಅವಧಿಗಳು ನನ್ನ ಪಾಲಿಗೆ ಬಂದವು. ಹಾಗಾಗಿ ಇಂಗ್ಲಿಷ್ ಪದ್ಧತಿ ತೆಗೆದುಕೊಂಡ ಗೆಳತಿಯರು ಬರೆಯಬೇಕಾದ ಲೇಖನವನ್ನು ವಿಜ್ಞಾನದವಳಾದ ನಾನು ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಲಿ.

ಒಂದು ದಿನ ಶಾಲೆಗೆ ಅತಿಥಿಗಳು ಬಂದಿದ್ದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಕರೆದು ಇಂಗ್ಲಿಷಿನಲ್ಲಿ ಮಾತನಾಡಿಸಿದರು. ಆಕೆ ಹೆಸರು, ಊರು ಎಲ್ಲವನ್ನೂ ಚೆನ್ನಾಗಿಯೇ ಹೇಳಿದಳು. ಸಂತೋಷಗೊಂಡ ಅತಿಥಿ ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿ ‘ಟೇಕ್ ಒನ್’ ಅಂದರು. ಹುಡುಗಿ ತಲೆ ತಗ್ಗಿಸಿ, ಕೈ ಕಟ್ಟಿ, ಮೆಲ್ಲಗೆ ಹೇಳಿದಳು: ‘ಐ ಡೋಂಟ್ ವಾಂಟ್, ಸರ್.’ ಅತಿಥಿಯ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ಆಕೆಗೆ ಬೈಗುಳ ಬಿತ್ತು, ರೀತಿ ರಿವಾಜು ಗೊತ್ತಿಲ್ಲವೆಂದು.

ಆಕೆಗೆ ರೀತಿ ಗೊತ್ತಿಲ್ಲದೆ ಇರಲಿಲ್ಲ. ಮನಸ್ಸಿನಲ್ಲಿ ಆಕೆ ಅಂದುಕೊಂಡಿದ್ದು ‘ಬ್ಯಾಡ್ರಿ ಸರ್’ ಎಂದು. ನಮ್ಮ ಕಡೆ ಅದಕ್ಕಿಂತ ಮರ್ಯಾದೆಯ ನಿರಾಕರಣೆ ಬೇಕಾಗಿಲ್ಲ. ಆ ಮಾತಿನಲ್ಲಿ ಎರಡು ಭಾಗಗಳಿವೆ. ಬ್ಯಾಡ ಎಂಬುದು ವಿಷಯ, ರಿ ಎಂಬುದು ಗೌರವ. ಇಂಗ್ಲಿಷಿಗೆ ಹೋಗುವಾಗ ವಿಷಯ ದಾಟಿತು, ಗೌರವ ಈಚೆ ದಡದಲ್ಲೇ ಉಳಿಯಿತು. ಆಚೆ ದಡದಲ್ಲಿ ನಿಂತವರಿಗೆ ಕೇಳಿಸಿದ್ದು ಬರೀ ‘ನನಗೆ ಬೇಡ’.

ಈ ರಿ ಎಂಬುದು ನಮ್ಮ ಮಾತಿನಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಕೊಡ್ರಿ, ಹೌದ್ರಿ, ಇಲ್ರಿ, ಯಾಕ್ರಿ, ಎಲ್ಲಿರಿ: ಕ್ರಿಯಾಪದವೇ ಆಗಬೇಕೆಂದಿಲ್ಲ, ಯಾವುದಕ್ಕೆ ಬೇಕಾದರೂ ಅಂಟಿಕೊಳ್ಳುತ್ತದೆ. ಇದೊಂದು ಇದ್ದರೆ ಆಜ್ಞೆಯ ರೂಪವೇ ವಿನಂತಿಯಾಗುತ್ತದೆ. ಕನ್ನಡ ವ್ಯಾಕರಣದ ವಿಧ್ಯರ್ಥಕ ಕ್ರಿಯಾಪದವನ್ನು ನೆನಪಿಸಿಕೊಳ್ಳಿ. ಅಪ್ಪಣೆ, ಪ್ರಾರ್ಥನೆ, ಆಶೀರ್ವಾದ ಎಲ್ಲವೂ ಅದರಲ್ಲೇ ಅಡಗಿವೆ. ಇಂಗ್ಲಿಷಿನಲ್ಲಿ ಯು ಎಂಬುದು ನೀನೂ ಹೌದು, ನೀವೂ ಹೌದು. ಕ್ರಿಯಾಪದಕ್ಕೆ ಅಂಟಿಸಲು ಏನೂ ಇಲ್ಲ. ಆದ್ದರಿಂದ ಅಲ್ಲಿ ಮರ್ಯಾದೆ ತೋರಿಸಬೇಕಾದರೆ ವಾಕ್ಯದ ಜಾತಿಯನ್ನೇ ಬದಲಿಸಬೇಕು. ಆಜ್ಞೆಯನ್ನು ಬಿಟ್ಟು ಪ್ರಶ್ನೆ ಕೇಳಬೇಕು. ‘ಗಿವ್ ಮಿ ಯುವರ್ ಪೆನ್, ಸರ್’ ಎಂಬಲ್ಲಿ ಸರ್ ಇದ್ದರೂ ಅದು ಆಜ್ಞೆಯೇ. ‘ಕುಡ್ ಐ ಬಾರೋ ಯುವರ್ ಪೆನ್?’ ಎಂಬಲ್ಲಿ ಸರ್ ಇಲ್ಲದಿದ್ದರೂ ಅದು ವಿನಂತಿ.

ಪ್ಲೀಸ್ ಹಾಕಿದರೆ ಸಾಕಲ್ಲ ಎನ್ನುವವರಿದ್ದಾರೆ. ನಾನೂ ಹಾಗೆಯೇ ಕಲಿತವಳು. ಆದರೆ ನಾವು ಪ್ಲೀಸ್‌ಗೆ ಹೇಳಿಕೊಡುವ ಅರ್ಥ ದಯವಿಟ್ಟು. ಅದು ಫಲಕಗಳ ಮೇಲೆ, ರಜಾ ಅರ್ಜಿಗಳಲ್ಲಿ ಇರುವ ಪದ. ಟಿಕೋಟಾದ ಯಾವ ಹುಡುಗನೂ ಪಕ್ಕದವನ ಹತ್ತಿರ ‘ದಯವಿಟ್ಟು ರಬ್ಬರ್ ಕೊಡು’ ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ‘ಸ್ವಲ್ಪ ರಬ್ಬರ್ ಕೊಡಲೇ’ ಅನ್ನುತ್ತಾನೆ. ಅಲ್ಲದೆ ಪ್ಲೀಸ್ ಸೇರಿದ ಮಾತ್ರಕ್ಕೆ ಆಜ್ಞೆ ಆಜ್ಞೆಯಾಗಿರುವುದನ್ನು ಬಿಡುವುದಿಲ್ಲ, ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅತಿಥಿ ಹೇಳಿದ ‘ಟೇಕ್ ಒನ್’ ಕೂಡ ಆಜ್ಞಾರೂಪವೇ. ಅದೇಕೆ ಒರಟಾಗಿ ಕೇಳಿಸಲಿಲ್ಲ? ಜೆಫ್ರಿ ಲೀಚ್ ಎಂಬ ಭಾಷಾಶಾಸ್ತ್ರಜ್ಞರು 1983ರಲ್ಲಿ ಇದಕ್ಕೆ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಯಿತು. ಲಾಭ ಕೇಳುವವನಿಗಾದರೆ ನೇರ ಮಾತೇ ಸೌಜನ್ಯ, ಲಾಭ ಹೇಳುವವನಿಗಾದರೆ ಸುತ್ತು ದಾರಿ ಬೇಕು. ‘ಕಮ್ ಇನ್, ಸಿಟ್ ಡೌನ್, ಹ್ಯಾವ್ ಸಮ್ ಟೀ’ ಎನ್ನುವುದರಲ್ಲಿ ಏನೂ ಒರಟುತನವಿಲ್ಲ. ‘ಗಿವ್ ಮಿ ಸಮ್ ಟೀ’ ಎಂದರೆ ಇದೆ.

ಇಷ್ಟು ಓದಿಕೊಂಡು ನಾನು ಟಿಕೋಟಾದಲ್ಲಿ ಒಂದು ಪಾಠ ಮಾಡಿದೆ. ಅದು ಕೆಟ್ಟಿತು. ಹಲಗೆಯ ಮೇಲೆ ಕೋಷ್ಟಕ ಬರೆದೆ: ಕ್ಯಾನ್, ಕುಡ್, ವಿಲ್, ವುಡ್. ನಂತರ ಕಿಟಕಿಯ ಪಕ್ಕದ ಹುಡುಗನಿಗೆ ‘ಕುಡ್ ಯು ಓಪನ್ ದ ವಿಂಡೋ?’ ಎಂದು ಕೇಳಿದೆ. ಅವನು ಗಾಬರಿಯಿಂದ ಎದ್ದು ನಿಂತು, ‘ಇಲ್ರಿ ಟೀಚರ್, ನಾ ತಗದಿಲ್ರಿ’ ಅಂದ. ತರಗತಿ ನಕ್ಕಿತು. ಅವನ ತಪ್ಪೇನೂ ಇರಲಿಲ್ಲ. ಕ್ಯಾನ್ ವರ್ತಮಾನಕಾಲ, ಕುಡ್ ಭೂತಕಾಲ ಎಂದು ಉರು ಹೊಡೆಸಿದ್ದೇವೆ. ನಾನು ಯಾವುದೋ ಹಳೆಯ ತಂಟೆಯ ವಿಚಾರಣೆ ಮಾಡುತ್ತಿದ್ದೇನೆ ಎಂದು ಅವನು ತಿಳಿದ.

ಭೂತಕಾಲದ ರೂಪಕ್ಕೂ ಮರ್ಯಾದೆಗೂ ಏನು ಸಂಬಂಧ ಎಂಬ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ವಿಜಯಪುರದಲ್ಲಿ, ಔಷಧ ಅಂಗಡಿಯೊಂದರ ಮುಂದೆ. ನನ್ನ ಮುಂದೆ ನಿಂತಿದ್ದ ಹೆಂಗಸು ಅಂದಳು: ‘ಜ್ವರದ ಗುಳಿಗಿ ಬೇಕಾಗಿತ್ರಿ.’ ಬೇಕಾಗಿತ್ತು! ಆಕೆಗೆ ಗುಳಿಗೆ ಬೇಕಾಗಿರುವುದು ಈಗ. ಆದರೂ ಹೇಳಿದ್ದು ಭೂತಕಾಲದಲ್ಲಿ. ಬೇಕು ಎಂದರೆ ಎದುರಿನವನ ಮೇಲೆ ಭಾರ ಬೀಳುತ್ತದೆ. ಬೇಕಾಗಿತ್ತು ಎಂದರೆ ಆ ಬಯಕೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಂತೆ, ಇಲ್ಲ ಎನ್ನಲು ಅಂಗಡಿಯವನಿಗೆ ಜಾಗ ಬಿಟ್ಟಂತೆ. ಇಂಗ್ಲಿಷಿನ ಕುಡ್, ವುಡ್, ‘ಐ ವಾಂಟೆಡ್ ಟು ಆಸ್ಕ್’ ಮಾಡುವ ಕೆಲಸವೂ ಇದೇ. ಅಲ್ಲಿ ಭೂತರೂಪ ಕಾಲವನ್ನು ಹೇಳುವುದಿಲ್ಲ, ದೂರವನ್ನು ಹೇಳುತ್ತದೆ. ‘ನಾಳೆ ಬಂದರೆ’ ಎನ್ನುವಾಗ ನಾವು ಬಂದ ಎಂಬ ಭೂತಕಾಲದ ಬುಡವನ್ನೇ ನಾಳೆಗೆ ಬಳಸುವುದಿಲ್ಲವೆ? ಸಂಭಾವನಾರ್ಥಕದ ‘ಬಂದಾನು’ ಕೂಡ ಅದೇ ಬುಡದ್ದು. (ಆದರೆ ಬಂದಾನು ಎಂಬ ಉದಾಹರಣೆಯನ್ನು ನಮ್ಮ ಕಡೆಯ ತರಗತಿಯಲ್ಲಿ ಕೊಡಬೇಡಿ. ಇಲ್ಲಿ ಬಂದಾನ ಎಂದರೆ ಬಂದೇಬಿಟ್ಟಿದ್ದಾನೆ ಎಂದರ್ಥ.)

ಬಬಲೇಶ್ವರದಲ್ಲಿ ಅದೇ ಪಾಠವನ್ನು ಅಂಗಡಿಯಿಂದ ಶುರು ಮಾಡಿದೆ. ಅಂಗಡಿಯಲ್ಲಿ ನೋಟ್‌ಬುಕ್ ಹೇಗೆ ಕೇಳುತ್ತೀರಿ ಎಂದಾಗ ‘ಬೇಕಾಗಿತ್ರಿ’ ತಾನಾಗಿಯೇ ಬಂತು. ಬೇಕು ಮತ್ತು ಬೇಕಾಗಿತ್ತು ಎರಡನ್ನೂ ಹಲಗೆಯ ಮೇಲೆ ಬರೆದು, ಯಾವುದು ಮೆತ್ತಗಿದೆ ಎಂದು ಕೇಳಿದೆ. ಎಲ್ಲರೂ ಎರಡನೆಯದನ್ನೇ ತೋರಿಸಿದರು. ಅದರ ಕೆಳಗೆ ಕ್ಯಾನ್ ಮತ್ತು ಕುಡ್ ಬರೆದೆ. ಆಮೇಲೆ ಹೆಚ್ಚು ವಿವರಿಸಬೇಕಾಗಲಿಲ್ಲ. ಆದರೆ ಮುಂದಿನ ಹತ್ತು ನಿಮಿಷದಲ್ಲಿ ಬೇರೆ ತೊಂದರೆ ಬಂತು. ಗೆಳೆಯರು ಒಬ್ಬರಿಗೊಬ್ಬರು ‘ಕುಡ್ ಯು ಪ್ಲೀಸ್ ಕೈಂಡ್ಲಿ ಗಿವ್ ರಬ್ಬರ್’ ಎಂದು ಶುರುವಿಟ್ಟರು. ಆಗ ಕೇಳಿದೆ: ನಿನ್ನ ದೋಸ್ತ ಒಂದು ದಿನ ಒಮ್ಮೆಗೇ ನಿನಗೆ ‘ಕೊಡ್ರಿ, ಹೋಗ್ರಿ’ ಎಂದರೆ ಏನರ್ಥ? ‘ಸಿಟ್ಟಾಗ್ಯಾನ ಅಂತ್ರಿ’ ಎಂದು ಉತ್ತರ ಬಂತು. ಗೆಳೆಯನಿಗೆ ‘ಕ್ಯಾನ್ ಐ ಟೇಕ್ ಯುವರ್ ರಬ್ಬರ್?’ ಸಾಕು. ಹೆಚ್ಚು ಮರ್ಯಾದೆ ಇಂಗ್ಲಿಷಿನಲ್ಲಿಯೂ ಚುಚ್ಚುತ್ತದೆ.

ನಿರಾಕರಣೆ ಇದಕ್ಕಿಂತ ಕಷ್ಟ. ನಮ್ಮಲ್ಲಿ ಹಿರಿಯರಿಗೆ ಇಲ್ಲ ಎನ್ನುವುದೇ ಕಡಿಮೆ. ಕಾರಣವನ್ನಷ್ಟೇ ಹೇಳಿ ಸುಮ್ಮನಾಗುತ್ತೇವೆ, ಇಲ್ಲವೆ ‘ನೋಡ್ತೀನ್ರಿ’ ಎನ್ನುತ್ತೇವೆ. ಅದನ್ನು ‘ಐ ವಿಲ್ ಸೀ’ ಎಂದು ದಾಟಿಸಿದರೆ ಕೇಳಿದವರು ನಿಜವಾಗಿಯೂ ಕಾಯುತ್ತಾರೆ. ಇನ್ನು ‘ನಾಳೆ ಬರಂಗಿಲ್ರಿ’ ಎಂಬುದು ಮಕ್ಕಳ ಬಾಯಲ್ಲಿ ‘ಐ ವೋಂಟ್ ಕಮ್ ಟುಮಾರೋ’ ಆಗುತ್ತದೆ. ವ್ಯಾಕರಣ ಸರಿ. ಆದರೆ ಬರಂಗಿಲ್ಲ ಎಂಬುದರಲ್ಲಿ ಬರುವ ಮಾತು ಇಲ್ಲ ಎಂಬ ಸುದ್ದಿಯಿದೆ, ಕರೆದದ್ದಕ್ಕೆ ಉತ್ತರವಾಗಿ ಹೇಳಿದ ವೋಂಟ್‌ನಲ್ಲಿ ‘ಒಲ್ಲೆ’ ಎಂಬ ಹಟ ಕೇಳಿಸುತ್ತದೆ. ಬೇಕಾದದ್ದು ‘ಆಗಂಗಿಲ್ರಿ’ಗೆ ಹತ್ತಿರದ್ದು: ‘ಸಾರಿ, ಐ ಕಾಂಟ್ ಕಮ್ ಟುಮಾರೋ,’ ಅದರ ಹಿಂದೆ ಒಂದು ಕಾರಣ. ಒಲ್ಲೆ ಮತ್ತು ಆಗಂಗಿಲ್ಲ, ಇವೆರಡರ ವ್ಯತ್ಯಾಸ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತು. ವೋಂಟ್ ಮತ್ತು ಕಾಂಟ್ ಅದೇ ಜೋಡಿ ಎಂದು ಯಾರೂ ಹೇಳಿಕೊಟ್ಟಿಲ್ಲ. ಬಿಸ್ಕತ್ತಿಗೆ ಮಾತ್ರ ಕಾರಣ ಬೇಡ, ‘ನೋ, ಥ್ಯಾಂಕ್ ಯು’ ಎಂಬಲ್ಲಿನ ಥ್ಯಾಂಕ್ ಯು ನಮ್ಮ ರಿಯ ಕೆಲಸ ಮಾಡುತ್ತದೆ.

ಉತ್ತರಪತ್ರಿಕೆಗಳಲ್ಲಿ ಇನ್ನೊಂದನ್ನು ಕಂಡೆ. ‘ಅವರ್ ಹೆಡ್‌ಮಾಸ್ಟರ್ ಆರ್ ವೆರಿ ಸ್ಟ್ರಿಕ್ಟ್’ ಎಂದು ಬರೆದ ಹುಡುಗನೇ ಮುಂದಿನ ಸಾಲಿನಲ್ಲಿ ‘ಮೈ ಮದರ್ ಈಸ್’ ಎಂದು ಸರಿಯಾಗಿ ಬರೆದಿದ್ದ. ಅವ್ವ ‘ಬಂದಾಳ’, ಹೆಡ್‌ಮಾಸ್ತರು ‘ಬಂದಾರ’. ಅದು ಏಕವಚನ ಬಹುವಚನ ಬಾರದ ತಪ್ಪಲ್ಲ, ಗೌರವಾರ್ಥ ಬಹುವಚನ. ಕೆಂಪು ಗೆರೆ ಎಳೆಯುವ ಮೊದಲು ಅಷ್ಟನ್ನು ಅವನಿಗೆ ಹೇಳಿದರೆ ಅವನು ಮತ್ತೆ ಹಾಗೆ ಬರೆಯುವುದು ಕಡಿಮೆ.

ಜೆನ್ನಿ ಥಾಮಸ್ ಎಂಬ ವಿದ್ವಾಂಸೆ, ಅದೂ 1983ರಲ್ಲಿಯೇ, ಒಂದು ಮಾತು ಹೇಳಿದ್ದಾರೆ. ಪರಭಾಷಿಕ ವ್ಯಾಕರಣದಲ್ಲಿ ತಪ್ಪಿದರೆ ಕೇಳುವವರು ಅವನಿಗೆ ಭಾಷೆ ಬಾರದು ಎನ್ನುತ್ತಾರೆ, ಬಳಕೆಯಲ್ಲಿ ತಪ್ಪಿದರೆ ಅವನಿಗೆ ನಡತೆ ಗೊತ್ತಿಲ್ಲ ಎನ್ನುತ್ತಾರೆ. ಟಿಕೋಟಾದ ಹುಡುಗಿಗೆ ಆದದ್ದು ಎರಡನೆಯದು. ನಮ್ಮ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯಲ್ಲಿ ಭಾಷಾ ಕಾರ್ಯವನ್ನು ಗುರುತಿಸಿ ಎಂಬ ಪ್ರಶ್ನೆ ಬರುತ್ತದೆ. ಕುಡ್ ಅಥವಾ ಪ್ಲೀಸ್ ಕಂಡರೆ ವಿನಂತಿ ಎಂದು ಗುರುತು ಹಾಕಿದರೆ ಅಂಕ ಸಿಗುತ್ತದೆ. ಅದೇ ಮಗು ಎದ್ದು ನಿಂತು ಕೇಳಬೇಕಾದಾಗ ‘ಗಿವ್ ಮಿ’ಗೆ ಮರಳುತ್ತದೆ.

ನನ್ನ ಪಾಠ ಯೋಜನೆಯಲ್ಲಿ ಕನ್ನಡ ವಾಕ್ಯಗಳಿದ್ದುದಕ್ಕೆ ಮಾರ್ಗದರ್ಶಕರು ಒಪ್ಪಲಿಲ್ಲ. ಇಂಗ್ಲಿಷ್ ಅವಧಿಯಲ್ಲಿ ಇಂಗ್ಲಿಷೇ ಕಿವಿಗೆ ಬೀಳಬೇಕು, ಭಾಷಾಂತರದಿಂದಲೇ ಈ ತಪ್ಪುಗಳು ಹುಟ್ಟುತ್ತವೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ದಿನವೂ ಇಂಗ್ಲಿಷ್ ಕೇಳುವ ಮಗುವಿಗೆ ಈ ಸುತ್ತು ದಾರಿ ಬೇಕಿಲ್ಲ. ಆದರೆ ಟಿಕೋಟಾ, ಬಬಲೇಶ್ವರದ ಮಗು ಇಂಗ್ಲಿಷ್ ಕೇಳುವುದು ಆ ಒಂದು ಅವಧಿಯಲ್ಲಿ ಮಾತ್ರ. ನಾವು ಹೇಳಲಿ ಬಿಡಲಿ, ಅದು ಮನಸ್ಸಿನಲ್ಲಿ ಭಾಷಾಂತರ ಮಾಡಿಯೇ ಮಾಡುತ್ತದೆ. ಗುಟ್ಟಾಗಿ ತಪ್ಪು ಮಾಡುವುದಕ್ಕಿಂತ ಹಲಗೆಯ ಮೇಲೆ ಎಲ್ಲರೆದುರು ಸರಿಯಾಗಿ ಮಾಡಲಿ ಎಂದು ನನ್ನ ಅಭಿಪ್ರಾಯ.

ಬಬಲೇಶ್ವರದಲ್ಲಿ ನನ್ನ ಕೊನೆಯ ವಾರ. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ನಾಳೆ ವಿಶೇಷ ತರಗತಿಗೆ ಎಲ್ಲರೂ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬ ಹುಡುಗ ಎದ್ದು, ‘ಸಾರಿ ಟೀಚರ್, ಐ ಕಾಂಟ್ ಕಮ್ ಟುಮಾರೋ. ಗ್ರೇಪ್ಸ್ ಕಟಿಂಗ್ ರಿ’ ಅಂದ. ನಾನು ‘ಆಲ್ ರೈಟ್’ ಎಂದು ಕೂರಿಸಿದೆ. ಪುಸ್ತಕದಲ್ಲಿ ಆ ದಿನದ ಷರಾ ಹೀಗಿದೆ: ವಿದ್ಯಾರ್ಥಿಯ ವಾಕ್ಯದ ಕೊನೆಯ ‘ರಿ’ಯನ್ನು ಪ್ರಶಿಕ್ಷಣಾರ್ಥಿ ತಿದ್ದಲಿಲ್ಲ.