ಎಂಟು ಸೆಕೆಂಡಿಗೊಮ್ಮೆ ಮುಖ ಬದಲಿಸುವ ರಾಯಣ್ಣ

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅಲ್ಲಿನ ಸಮಾಧಿಯ ಆಲದ ಮರಕ್ಕೆ ಜನ ಇವತ್ತಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಈ ಸಲ ಅದೇ ದಿನ ಹಾಕೋಣ ಅಂತ ಬೆಳಗಾವಿಯ ನಾವು ಮೂವರು ಗೆಳೆಯರು ಒಂದು ನಿಮಿಷದ ಎಐ ವಿಡಿಯೊ ಮಾಡೋಕೆ ಕೂತೆವು. ನಾವು ಬಳಸಿದ ಆ್ಯಪ್ ಒಂದು ಸಲಕ್ಕೆ ಕೊಡುತ್ತಿದ್ದದ್ದು ಎಂಟು ಸೆಕೆಂಡು ಮಾತ್ರ. ಹಾಗಾಗಿ ಎಂಟು ತುಣುಕು ಮಾಡಿ ಜೋಡಿಸಿದೆವು.

ಮೊದಲ ತುಣುಕಿನಲ್ಲಿ ದಪ್ಪ ಮೀಸೆ, ಕೆಂಪು ರುಮಾಲು, ಎಡಗೈಯಲ್ಲಿ ಗುರಾಣಿ. ಎರಡನೆಯದರಲ್ಲಿ ಹತ್ತು ವರ್ಷ ಚಿಕ್ಕವನಾದ ಇನ್ಯಾರೋ, ಗುರಾಣಿ ಬಲಗೈಯಲ್ಲಿ. ಮೂರನೆಯದರಲ್ಲಿ ಗುರಾಣಿಯೇ ಇಲ್ಲ, ರುಮಾಲು ರಾಜಸ್ಥಾನದ ಪೇಟವಾಗಿದೆ. ನಂದಗಡದಲ್ಲಿರುವ ನಮ್ಮ ಕಾಕಾಗೆ ತೋರಿಸಿದೆ. ಪೂರ್ತಿ ನೋಡಿ, ‘ತಮ್ಮಾ, ಇದ್ರಾಗ ಎಷ್ಟ ಮಂದಿ ರಾಯಣ್ಣ ಅದಾರೋ?’ ಅಂದರು. ನಾವು ಅದನ್ನು ಹಾಕಲಿಲ್ಲ.

ಯಂತ್ರಕ್ಕೆ ಒಬ್ಬನೇ ರಾಯಣ್ಣನನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳೋಕೆ ಯಾಕೆ ಆಗಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ, ಅದು ನಮ್ಮ ಊರಿನ ರಾಜಕಾರಣಕ್ಕೂ ಸಂಬಂಧಪಟ್ಟದ್ದು ಅನ್ನಿಸಿತು.

ಮೊದಲು ಲೆಕ್ಕ. ಈ ಯಂತ್ರಗಳು ನಾವು ಅಂದುಕೊಂಡಂತೆ ಒಂದಾದ ಮೇಲೊಂದು ಚಿತ್ರ ಬರೆಯುತ್ತಾ ಹೋಗುವುದಿಲ್ಲ. ಸಿಗ್ನಲ್ ಹೋದ ಟಿವಿಯ ಚುಕ್ಕಿಗಳಂಥ ಗದ್ದಲದಿಂದ ಶುರುಮಾಡಿ, ಇಡೀ ತುಣುಕನ್ನು ಒಟ್ಟಿಗೇ ಹಂತ ಹಂತವಾಗಿ ತಿಳಿಯಾಗಿಸುತ್ತವೆ. ಮೊದಲ ಸೆಕೆಂಡಿನ ಮೀಸೆ ಐದನೇ ಸೆಕೆಂಡಿನಲ್ಲೂ ಅದೇ ಮೀಸೆಯಾಗಿರಬೇಕಾದರೆ, ಚಿತ್ರದ ಪ್ರತಿ ಚೂರೂ ಉಳಿದೆಲ್ಲ ಚೂರುಗಳನ್ನು ನೋಡಿಕೊಳ್ಳಬೇಕು. ಖರ್ಚು ಇರುವುದು ಈ ‘ನೋಡಿಕೊಳ್ಳುವ’ ಕೆಲಸದಲ್ಲೇ.

ಅಲಿಬಾಬಾ ಕಂಪನಿ 2025ರ ಫೆಬ್ರುವರಿಯಲ್ಲಿ ಮುಕ್ತವಾಗಿ ಬಿಟ್ಟ ‘ವಾನ್ 2.1’ ಮಾಡೆಲನ್ನೇ ತಗೊಳ್ಳಿ. ಅದರ ಒಳಗಿನ ಲೆಕ್ಕ ಎಲ್ಲರಿಗೂ ತೆರೆದಿದೆ. ಸೆಕೆಂಡಿಗೆ 16ರಂತೆ 81 ಚಿತ್ರ, ಅಂದರೆ ಐದು ಸೆಕೆಂಡಿನ ತುಣುಕು. 480ಪಿ ಗಾತ್ರದಲ್ಲಿ, ಸಂಕುಚಿಸಿದ ಮೇಲೂ ಇದು 32,760 ಚೂರುಗಳಾಗುತ್ತದೆ. ಪ್ರತಿ ಚೂರೂ ಪ್ರತಿ ಚೂರನ್ನು ನೋಡಬೇಕೆಂದರೆ ಸುಮಾರು 107 ಕೋಟಿ ಜೋಡಿ. ಇದು ಒಂದೇ ಪದರದ, ಒಂದೇ ಹಂತದ ಲೆಕ್ಕ. ಇಂಥ ಪದರಗಳು ಹತ್ತಾರು, ಹಂತಗಳೂ ಹತ್ತಾರು. ಈಗ ಅವಧಿಯನ್ನು ಹತ್ತು ಸೆಕೆಂಡು ಮಾಡಿ. ಚೂರುಗಳು ಎರಡರಷ್ಟಾದರೆ ಜೋಡಿಗಳು ನಾಲ್ಕರಷ್ಟಾಗುತ್ತವೆ. ಒಂದು ನಿಮಿಷ ಬೇಕೆಂದರೆ ಚೂರುಗಳು ಹನ್ನೊಂದೂವರೆ ಪಟ್ಟು, ಜೋಡಿಗಳು ಸುಮಾರು 132 ಪಟ್ಟು. ಗೂಗಲ್‌ನ ವಿಯೊ 3 ಎಂಟು ಸೆಕೆಂಡಿಗೆ ನಿಂತದ್ದರ ಹಿಂದೆಯೂ, ಓಪನ್‌ಎಐ 2024ರ ಫೆಬ್ರುವರಿಯಲ್ಲಿ ಒಂದು ನಿಮಿಷದವರೆಗೆ ಅಂತ ತೋರಿಸಿದ ಸೋರಾ ಡಿಸೆಂಬರಿನಲ್ಲಿ ಜನರ ಕೈಗೆ ಬಂದಾಗ 20 ಸೆಕೆಂಡಿಗೆ ಇಳಿದದ್ದರ ಹಿಂದೆಯೂ ಈ ಏರುಖರ್ಚಿನ ಭಾರವಿದೆ.

ದುಡ್ಡು ಸುರಿದರೆ ಸರಿಹೋಗುತ್ತದಾ? ಪೂರ್ತಿ ಇಲ್ಲ. ಈ ಮಾಡೆಲ್‌ಗಳು ಕಲಿತಿರುವುದೇ ಸಣ್ಣ ತುಣುಕುಗಳಿಂದ. ಕಲಿಯದ ಉದ್ದಕ್ಕೆ ಎಳೆದರೆ ದೃಶ್ಯ ಹಳಸುತ್ತದೆ, ಇಲ್ಲವೇ ಅದೇ ಚಲನೆ ಮತ್ತೆ ಮತ್ತೆ ಬರುತ್ತದೆ.

ಹಾಗಾದರೆ ಜೋಡಿಸೋಣ ಅಂತೀವಿ. ನಾವೂ ಎರಡನೇ ಸಲ ಹಾಗೇ ಮಾಡಿದೆವು. ಒಂದು ತುಣುಕಿನ ಕೊನೆಯ ಚಿತ್ರವನ್ನೇ ಮುಂದಿನದಕ್ಕೆ ಮೊದಲ ಚಿತ್ರವಾಗಿ ಕೊಟ್ಟೆವು. ಆದರೆ ಆ ತುಣುಕಿನ ಕೊನೆಯಲ್ಲಿ ರಾಯಣ್ಣ ಕ್ಯಾಮೆರಾಕ್ಕೆ ಬೆನ್ನು ಹಾಕಿ ಮರದ ಕಡೆ ನಡೆಯುತ್ತಿದ್ದ. ಮುಂದಿನ ತುಣುಕಿನಲ್ಲಿ ತಿರುಗಿದಾಗ ಮುಖ ಬೇರೆಯಾಗಿತ್ತು. ಯಂತ್ರಕ್ಕೆ ಸಿಕ್ಕಿದ್ದು ಒಂದು ಬೆನ್ನು ಮಾತ್ರ, ಮುಖವನ್ನು ಅದು ಹೊಸದಾಗಿ ಊಹಿಸಬೇಕಾಯಿತು. ‘ಇವನು ರಾಯಣ್ಣ, ಇವನ ಎಡಗೈಯಲ್ಲಿ ಗುರಾಣಿ ಇದೆ’ ಅಂತ ಬರೆದಿಟ್ಟ ವಹಿ ಅದರ ಹತ್ತಿರ ಇಲ್ಲ. ಕಣ್ಣ ಮುಂದಿನ ಅವಧಿಯಲ್ಲಿ ಏನಿದೆಯೋ ಅದಷ್ಟೇ ಅದರ ನೆನಪು. ಜೊತೆಗೆ, ಪ್ರತಿ ತುಣುಕಿನ ಸಣ್ಣ ತಪ್ಪು ಮುಂದಿನದಕ್ಕೆ ಬಂಡವಾಳವಾಗುತ್ತದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಮ್ಮ ಬಣ್ಣಗಳೆಲ್ಲ ಕಡುವಾಗಿ, ಚರ್ಮ ಮೇಣದಂತಾಗಿತ್ತು.

ಒಂದೇ ಮುಖದ ಫೋಟೊವನ್ನು ಪ್ರತಿ ಸಲವೂ ಮಾದರಿಯಾಗಿ ಕೊಟ್ಟರೆ ಮುಖ ಮಟ್ಟಿಗೆ ನಿಲ್ಲುತ್ತದೆ. ಆದರೆ ಫೋಟೊದಲ್ಲಿ ಕಾಣದ್ದು, ಅಂದರೆ ಬೆನ್ನ ಮೇಲಿನ ಪಟ್ಟಿ, ಗುರಾಣಿಯ ಹಿಂಬದಿ, ಅಕ್ಕಪಕ್ಕದ ಸೈನಿಕರ ಸಂಖ್ಯೆ, ಇವು ತುಣುಕಿಂದ ತುಣುಕಿಗೆ ಬದಲಾಗುತ್ತಲೇ ಇರುತ್ತವೆ.

ಈಗ ಬೆಳಗಾವಿಗೆ ಬರೋಣ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನ ಶಿವಾಜಿ ಪ್ರತಿಮೆಗೆ ಮಸಿ ಬಳಿದ ವಿಡಿಯೊ ಹರಿದಾಡಿತು. ಅದರ ಬೆನ್ನಿಗೇ ಇಲ್ಲಿ ಪ್ರತಿಭಟನೆ, ಕಲ್ಲು ತೂರಾಟ ನಡೆದವು, ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ವಿರೂಪಗೊಳಿಸಲಾಯಿತು. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ ಊರಿನಲ್ಲಿ ನಿಷೇಧಾಜ್ಞೆ ಬಂತು. ಅದು ಎಐ ಕಾಲದ ವಿಡಿಯೊ ಅಲ್ಲ. ಆದರೆ ಅದು ಒಂದು ಮಾತು ಹೇಳುತ್ತದೆ: ಈ ಊರನ್ನು ಕೆರಳಿಸೋಕೆ ಒಂದು ನಿಮಿಷದ ವಿಡಿಯೊ ಬೇಕಿಲ್ಲ.

ಯಂತ್ರದ ಈ ಮಿತಿ ಕಾಡುವುದು ಯಾರನ್ನು ಅಂತ ಯೋಚಿಸಿ. ಒಬ್ಬ ಮನುಷ್ಯನ ಕಥೆ ಹೇಳಬೇಕಾದವನಿಗೆ ಅದೇ ಮುಖ, ಅದೇ ಖಡ್ಗ, ಅದೇ ಮರ ದೃಶ್ಯದಿಂದ ದೃಶ್ಯಕ್ಕೆ ಬೇಕು. ಸುಳ್ಳು ಹರಡುವವನಿಗೆ ಬೇಡ. ಒಂದು ಪ್ರತಿಮೆ, ಒಂದು ಕೈ, ಒಂದು ಕಲ್ಲು, ಆರು ಸೆಕೆಂಡು, ಒಂದೇ ಶಾಟ್. ಎಂಟು ಸೆಕೆಂಡಿನ ಮಿತಿ ರಾಯಣ್ಣನ ಬದುಕಿಗೆ ಅಡ್ಡ ಬರುತ್ತದೆ, ಅವನ ಹೆಸರಲ್ಲಿ ಹಚ್ಚುವ ಬೆಂಕಿಗೆ ಬರುವುದಿಲ್ಲ.

ಹಾಗಂತ ‘ಸಣ್ಣದಿದ್ದರೆ ಫೇಕ್’ ಅನ್ನೋಕೂ ಆಗಲ್ಲ. ನಿಜವಾದ ವಿಡಿಯೊವನ್ನೂ ಜನ ಕತ್ತರಿಸಿ ವಾಟ್ಸ್ಆ್ಯಪ್‌ಗೆ ಹಾಕ್ತಾರೆ. ಹಾಗೆ ಅಂದುಬಿಟ್ಟರೆ ನಿಜವಾಗಿ ಹೊಡೆತ ತಿಂದವನ ಸಾಕ್ಷಿಯನ್ನೂ ತಳ್ಳಿಹಾಕಿದಂತಾಗುತ್ತದೆ.

ಕೇಳಬೇಕಾದದ್ದು ಯಂತ್ರಕ್ಕೆ ಕಷ್ಟವಾದದ್ದನ್ನು. ಶಾಟ್ ಬದಲಾದ ಕಡೆ ವಿಡಿಯೊ ನಿಲ್ಲಿಸಿ, ಹಿಂದೆ ನಿಂತವರನ್ನು ಎಣಿಸಿ, ಅಂಗಡಿ ಬೋರ್ಡಿನ ಅಕ್ಷರ ಓದಿ. ಕಂಬದ ಹಿಂದೆ ಹೋದವನು ಅದೇ ಅಂಗಿಯಲ್ಲಿ ಹೊರಗೆ ಬಂದನಾ ನೋಡಿ. ಒಂದೇ ಶಾಟ್ ಇದ್ದರೆ ಇನ್ನೊಂದು ಕೋನ ಕೇಳಿ. ಚನ್ನಮ್ಮ ಸರ್ಕಲ್‌ನಲ್ಲೋ ಖಾನಾಪುರ ಬಸ್‌ಸ್ಟ್ಯಾಂಡಿನಲ್ಲೋ ಗಲಾಟೆ ನಡೆದರೆ ಹತ್ತು ಮೊಬೈಲ್ ಮೇಲೇಳುತ್ತವೆ. ಅದೇ ಕ್ಷಣ, ಅದೇ ಮಂದಿ, ಎದುರಿನ ಪುಟ್‌ಪಾತಿನಿಂದ ಕಾಣುವಂತೆ ಮಾಡು ಅಂದರೆ ಯಂತ್ರ ಇವತ್ತಿಗೂ ಎಡವುತ್ತದೆ. ಎರಡನೇ ಕೋನ ಬರುವವರೆಗೆ ಫಾರ್ವರ್ಡ್ ಮಾಡದೆ ಕಾಯೋಣ. ಈ ಎಡವುವಿಕೆ ಎಷ್ಟು ದಿನ ಇರುತ್ತದೋ ಅಷ್ಟು ದಿನ ಅದು ನಮಗೆ ಆಸರೆ.

ನಮ್ಮ ವಿಡಿಯೊ ಏನಾಯಿತು? ಕಾಕಾ ಆ ಆಲದ ಮರದ ಕೆಳಗೆ ಕೂತು ತಮ್ಮ ಅಜ್ಜಿ ಹೇಳಿದ್ದ ಕಥೆ ಹೇಳಿದರು. ನಾಲ್ಕು ನಿಮಿಷ, ಒಂದೇ ಶಾಟ್, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆವು. ಮೊದಲಿಂದ ಕೊನೆಯವರೆಗೂ ಮರ ಅದೇ ಇತ್ತು, ಕಾಕಾ ಕೂಡ ಅವರೇ.