ಮಾತ್ರೆ ನಿಲ್ಲಿಸುವುದನ್ನೂ ಚೀಟಿಯಲ್ಲಿ ಬರೆಯಿರಿ

‘ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಾ ಡಾಕ್ಟ್ರೇ?’ ನಿಮಿರುವಿಕೆಯ ಮಾತ್ರೆ ಬರೆಸಿಕೊಂಡ ಅನೇಕರಲ್ಲಿ ಈ ಅಂಜಿಕೆ ಇದೆ. ಗುಪ್ತರೋಗದ ಹೆಸರಿನಲ್ಲಿ ರಸ್ತೆ ಬದಿ ಟೆಂಟ್ ಹಾಕುವವರಿಗೆ ಈ ಅಂಜಿಕೆಯೇ ಬಂಡವಾಳ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಠಾಣೆಗೆ ಟೆಕ್ಕಿಯೊಬ್ಬರು ದೂರು ಕೊಟ್ಟರು. ಲೈಂಗಿಕ ಸಮಸ್ಯೆಗೆ ಅಂಥ ಟೆಂಟಿನವರ ಮಾತು ನಂಬಿ, ಯಶವಂತಪುರದ ಅಂಗಡಿಯಿಂದ ‘ಬೂಟಿ’ ಕೊಳ್ಳುತ್ತಾ ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡೆ, ಮೂತ್ರಪಿಂಡಕ್ಕೂ ಪೆಟ್ಟಾಯಿತು ಎಂಬುದು ಅವರ ದೂರು. ಮಾತ್ರೆಯ ಬಗೆಗಿನ ಭಯವನ್ನು ಬಿಡಿಸಿ ನೋಡದಿದ್ದರೆ ಇಂಥ ದೂರುಗಳು ನಿಲ್ಲುವುದಿಲ್ಲ.

ಸಿಲ್ಡೆನಾಫಿಲ್ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದಾಗಲಿ, ಆಮೇಲೆ ಬಂದ ಟಡಲಾಫಿಲ್ ಆಗಲಿ, ತಾನಾಗಿ ನಿಮಿರುವಿಕೆ ತರುವುದಿಲ್ಲ. ಕಾಮನೆ ಕೆರಳಿದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ರಕ್ತನಾಳ ಸಡಿಲಗೊಂಡು ರಕ್ತ ತುಂಬುತ್ತದೆ. ಆ ಸಡಿಲಿಕೆಯನ್ನು ಬೇಗ ಮುಗಿಸಿಬಿಡುವ ಕಿಣ್ವವೊಂದನ್ನು ಮಾತ್ರೆ ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೆ. ಬಿಟ್ಟರೆ ಮದ್ಯ ಬಿಟ್ಟವರಂತೆ ಕೈ ನಡುಗುವುದಿಲ್ಲ, ಮೊದಲಿಗಿಂತ ಕೆಟ್ಟ ಸ್ಥಿತಿಗೂ ದೇಹ ಜಾರುವುದಿಲ್ಲ. ದೇಹದ ಮಟ್ಟಿಗೆ ಇದು ಚಟವಲ್ಲ.

ಮನಸ್ಸಿನ ಮಾತು ಬೇರೆ. ಹೆಬ್ಬಾಳದ ಕೆಂಪಾಪುರದಲ್ಲಿ ಮನೆ ಮಾಡಿಕೊಂಡು, ನಾಗವಾರದ ಕಡೆಯ ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿ ಮಾಡುವ ಮೂವತ್ನಾಲ್ಕರ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳಿ. ಒಂದು ದಿನ ದಣಿವಿನಲ್ಲಿ ಆಗಲಿಲ್ಲ. ಮುಂದಿನ ಸಲ ‘ಇವತ್ತೂ ಹಾಗೇ ಆದರೆ’ ಎಂಬ ಆತಂಕದಿಂದಲೇ ಆಗಲಿಲ್ಲ. ಆದರೆ ನಿದ್ದೆಯಿಂದ ಏಳುವಾಗ ನಿಮಿರುವಿಕೆ ಮೊದಲಿನಂತೆಯೇ ಇದೆ. ನರ, ರಕ್ತನಾಳ ಬಹುಮಟ್ಟಿಗೆ ಸರಿಯಾಗಿವೆ ಎಂಬುದಕ್ಕೆ ಅದು ಒಳ್ಳೆಯ ಸುಳಿವು. ವೈದ್ಯರು 50 ಮಿಲಿಗ್ರಾಂ ಸಿಲ್ಡೆನಾಫಿಲ್ ಕೊಟ್ಟರು, ಕೆಲವು ವಾರ ಎಲ್ಲವೂ ಸರಿಹೋಯಿತು. ಸಮಸ್ಯೆ ಇಲ್ಲಿಂದ ಶುರು. ಗೆಲುವನ್ನೆಲ್ಲ ಆತ ಮಾತ್ರೆಯ ಲೆಕ್ಕಕ್ಕೆ ಬರೆಯುತ್ತಾನೆ. ಜೇಬಿನಲ್ಲಿ ಸ್ಟ್ರಿಪ್ ಇಲ್ಲದ ರಾತ್ರಿ ಹಳೆಯ ಆತಂಕ ಮರಳುತ್ತದೆ, ಆತಂಕದಲ್ಲಿ ಏರುವ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಅವಲಂಬನೆ ಎನ್ನುವುದಾದರೆ ಇದನ್ನೇ ಎನ್ನಬೇಕು. ಇದು ನಿಜ, ಬಿಡಿಸಿಕೊಳ್ಳಲೂ ಆಗುತ್ತದೆ.

ಇಂಥವರಿಗೆ ವೈದ್ಯರು 50ರಿಂದ 25 ಮಿಲಿಗ್ರಾಂಗೆ ಇಳಿಸಬಹುದು. ಡೋಸ್ ಇಳಿಸುವುದು ದೇಹಕ್ಕೆ ಬೇಕಾಗಿಲ್ಲ, ಧೈರ್ಯಕ್ಕೆ ಬೇಕು. ಆಮೇಲೆ ನಿದ್ದೆ ತುಂಬಿದ ರಜೆಯ ದಿನ, ಸಂಭೋಗ ಆಗಲೇಬೇಕೆಂಬ ಹಟವಿಲ್ಲದೆ ಮಾತ್ರೆಯಿಲ್ಲದೆ ಹೆಂಡತಿಯೊಂದಿಗೆ ಕಳೆಯಬೇಕು. ಈ ವಿಷಯ ಹೆಂಡತಿಗೂ ಗೊತ್ತಿರಬೇಕು. ಕದ್ದು ನುಂಗುವವರಿಗೆ ಬಿಡುವುದು ಇನ್ನೂ ಕಷ್ಟ. ನಡುವೆ ಒಂದೆರಡು ಸಲ ಸೋತರೆ ರೋಗ ಮರಳಿತೆಂದು ತಿಳಿಯಬಾರದು. ಮಾತ್ರೆಯನ್ನೇ ಕಾಣದವರಿಗೂ ಅಂಥ ರಾತ್ರಿಗಳು ಬರುತ್ತವೆ.

ಒಂದು ಮೋಸಕ್ಕೆ ಇಲ್ಲಿ ಎಚ್ಚರ ಬೇಕು. ಟಡಲಾಫಿಲ್‌ನ ಅರ್ಧದಷ್ಟು ಕರಗಲು ಹದಿನೇಳೂವರೆ ಗಂಟೆ ಹಿಡಿಯುತ್ತದೆ, ಪರಿಣಾಮ 36 ಗಂಟೆಯವರೆಗೂ ಇರಬಹುದು. ಶನಿವಾರ ರಾತ್ರಿ ನುಂಗಿ ಸೋಮವಾರ ಬೆಳಿಗ್ಗೆ ‘ಸಹಜವಾಗಿಯೇ ಆಯಿತು’ ಎಂದರೆ ಅದರಲ್ಲಿ ಮಾತ್ರೆಯ ಪಾಲೂ ಇದೆ. ನಿತ್ಯ 5 ಮಿಲಿಗ್ರಾಂ ತೆಗೆದುಕೊಳ್ಳುವವರು ಬಿಟ್ಟು ಒಂದು ವಾರವಾದರೂ ಕಳೆದ ಮೇಲೆ ಲೆಕ್ಕ ಹಾಕಬೇಕು. ಪ್ರಾಸ್ಟೇಟ್ ತೊಂದರೆಗೆ ಅದೇ ಮಾತ್ರೆ ಕೊಟ್ಟಿದ್ದರೆ ಕೇಳದೆ ಬಿಡುವಂತಿಲ್ಲ.

ಐವತ್ತೈದರ ಹಳೆಯ ಸಕ್ಕರೆ ಕಾಯಿಲೆಯವರ ಕತೆ ಹೀಗಲ್ಲ. ಬೆಳಗಿನ ನಿಮಿರುವಿಕೆಯೂ ಮೆಲ್ಲಗೆ ಮರೆಯಾಗಿರುತ್ತದೆ, ಮಾತ್ರೆ ಬಿಟ್ಟೊಡನೆ ತೊಂದರೆ ಮರಳುತ್ತದೆ. ಕನ್ನಡಕ ತೆಗೆದರೆ ಅಕ್ಷರ ಮಸುಕಾಗುವುದನ್ನು ಯಾರೂ ಕನ್ನಡಕದ ಚಟ ಎನ್ನುವುದಿಲ್ಲ. ಇವರು ಮುಂದುವರಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಶಿಶ್ನದ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು. ಅಲ್ಲಿ ಕಾಣುವ ಅಡಚಣೆ ಹೃದಯಾಘಾತಕ್ಕೆ ಕೆಲವು ವರ್ಷ ಮೊದಲೇ ಬಂದ ಮುನ್ಸೂಚನೆಯಾಗಿರಬಹುದು. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ನೋಡಿಸದೆ ವರ್ಷಗಟ್ಟಲೆ ಸ್ಟ್ರಿಪ್ ಕೊಳ್ಳುವುದೇ ಅಪಾಯ. ಮೂಲ ಕಾರಣ ತಿದ್ದಿದರೆ ಇವರಲ್ಲೂ ಕೆಲವರಿಗೆ ಮಾತ್ರೆ ಕಡಿಮೆಯಾಗಬಹುದು. 2004ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆ ಇಲ್ಲದ ಸ್ಥೂಲಕಾಯದ ಗಂಡಸರು ಎರಡು ವರ್ಷ ಪಥ್ಯ, ವ್ಯಾಯಾಮ ಮಾಡಿದಾಗ ಮೂವರಲ್ಲಿ ಸುಮಾರು ಒಬ್ಬರಿಗೆ ಸಾಮರ್ಥ್ಯ ಮರಳಿತ್ತು.

ಕಾನೂನಿನ ಪ್ರಕಾರ ಇವು ಚೀಟಿ ಇಲ್ಲದೆ ಮಾರಬಾರದ ಮಾತ್ರೆಗಳು. ಮೆಡಿಕಲ್ ಶಾಪಿನಲ್ಲಿ ಪಿಸುದನಿಯಲ್ಲಿ ಕೇಳಿ ಪಡೆಯುವವನಿಗೆ, ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತಾದೀತು ಎಂದು ಹೇಳುವವರು ಯಾರು? ಚೀಟಿ ಬರೆಯುವ ವೈದ್ಯರೂ ಡೋಸ್ ಬರೆದು ಕೈತೊಳೆದುಕೊಳ್ಳಬಾರದು. ತೊಂದರೆ ಮನಸ್ಸಿನದೋ ರಕ್ತನಾಳದ್ದೋ, ಮತ್ತೆ ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ಡೋಸ್ ಇಳಿಸಬೇಕು ಎಂಬುದನ್ನು ಮೊದಲ ಭೇಟಿಯಲ್ಲೇ ಅದೇ ಚೀಟಿಯಲ್ಲಿ ಬರೆದುಕೊಡಲಿ.